ಅಸಲಿನ ಮೇಲೆ ಇಷ್ಟು ಎಂಬ ಲೆಕ್ಕ ಎಲ್ಲಿ ಸರಿ, ಎಲ್ಲಿ ಕೈಕೊಡುತ್ತದೆ: ಬೆಲ್ಲದ ಪುಡಿಯ ಒಂದು ಪ್ಯಾಕೆಟ್‌ಗೆ ಬೆಲೆ ಕಟ್ಟುವ ಕ್ರಮ

ಮಂಡ್ಯ ಮತ್ತು ಮೈಸೂರಿನ ಸುತ್ತ ಬೆಲ್ಲದ ಪುಡಿ, ಕುರುಕಲು ತಿಂಡಿ, ಅಗರಬತ್ತಿ ಮುಂತಾದವನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿ ಮಾರುವ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನಾವು ಅಸಲು ಲೆಕ್ಕ ಹಾಕಿ ಅದರ ಮೇಲೆ ಶೇಕಡಾ ಇಷ್ಟು ಎಂದು ಸೇರಿಸಿ ಬೆಲೆ ಇಡುತ್ತೇವೆ. ಕಾಲೇಜಿನಲ್ಲಿ ಓದುವ ಮಕ್ಕಳ ಅರ್ಥಶಾಸ್ತ್ರದ ಪುಸ್ತಕದಲ್ಲಿ ಮಾತ್ರ ಸೀಮಾಂತ ಆದಾಯವು ಸೀಮಾಂತ ವೆಚ್ಚಕ್ಕೆ ಸಮವಾದಾಗ ಲಾಭ ಗರಿಷ್ಠ ಎಂದು ಬರೆದಿದೆ. ಹಾಗಾದರೆ ನಾವು ಮಾಡುತ್ತಿರುವುದು ತಪ್ಪೇ?

ತಪ್ಪಲ್ಲ, ಆದರೆ ಎಲ್ಲ ತಿಂಗಳೂ ಸರಿಯೂ ಅಲ್ಲ. ಈ ಎರಡು ಲೆಕ್ಕಗಳು ಯಾವಾಗ ಒಂದೇ ಬೆಲೆಯನ್ನು ಹೇಳುತ್ತವೆ, ಯಾವಾಗ ಎದುರುಬದುರಾಗುತ್ತವೆ ಎಂಬುದನ್ನು ನಿಮ್ಮ ಸ್ವಂತ ಲೆಕ್ಕದ ಪುಸ್ತಕದಿಂದಲೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಒಂದು ಉದಾಹರಣೆಯ ಮೂಲಕ ವಿವರಿಸಿದ್ದೇನೆ. ಉದಾಹರಣೆಯ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನು ಆರಿಸಿಕೊಂಡವು. ಅವುಗಳ ಜಾಗದಲ್ಲಿ ನಿಮ್ಮವನ್ನು ಇಟ್ಟುಕೊಳ್ಳಿ.

ಉದಾಹರಣೆ ಇದು. ಮಂಡ್ಯದ ಒಂದು ಸಣ್ಣ ಘಟಕವು ಆಲೆಮನೆಯಿಂದ ಪುಡಿ ಬೆಲ್ಲವನ್ನು ಮೂಟೆಯಲ್ಲಿ ತಂದು, ಒಣಗಿಸಿ, ಜರಡಿ ಹಿಡಿದು, ಒಂದು ಕೆಜಿ ಪ್ಯಾಕೆಟ್ ಮಾಡಿ, ತನ್ನ ಹೆಸರಿನಲ್ಲಿಯೇ ಗ್ರಾಹಕರಿಗೆ ನೇರವಾಗಿ ಮಾರುತ್ತದೆ. ಮಾರುವ ಜಾಗಗಳು ಎರಡು: ಮಂಡ್ಯದ ಮನೆ ಮತ್ತು ಮೈಸೂರಿನ ಒಂದು ವಾರದ ಸಂತೆ. ಸಾಧಾರಣ ತಿಂಗಳಲ್ಲಿ 1,200 ಪ್ಯಾಕೆಟ್ ಹೋಗುತ್ತವೆ. ತೆರಿಗೆಯನ್ನು ಎಲ್ಲ ಕಡೆಯೂ ಬಿಟ್ಟು ಲೆಕ್ಕ ಮಾಡಿದ್ದೇನೆ.

ಬೇಕಾಗುವುದು ಕಳೆದ ಆರು ತಿಂಗಳ ಖರ್ಚಿನ ಪುಸ್ತಕ, ವಾರವಾರದ ಮಾರಾಟದ ಎಣಿಕೆ, ಒಂದು ಕ್ಯಾಲ್ಕುಲೇಟರ್ ಮತ್ತು ಬೆಲೆಯನ್ನು ಒಂದು ತಿಂಗಳು ಅಲುಗಾಡಿಸಿ ನೋಡುವ ಧೈರ್ಯ. ವಾರದ ಎಣಿಕೆ ಇಲ್ಲದವರು ಮೊದಲು ಎರಡು ತಿಂಗಳು ಅದನ್ನು ಬರೆದಿಟ್ಟುಕೊಂಡು ಮುಂದುವರಿಯುವುದು ಒಳ್ಳೆಯದು.

ಹಂತ 1: ಖರ್ಚನ್ನು ಎರಡು ಪಟ್ಟಿಗಳಾಗಿ ಒಡೆಯಿರಿ

ಪ್ರತಿ ಖರ್ಚಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಈ ತಿಂಗಳು ನೂರು ಪ್ಯಾಕೆಟ್ ಹೆಚ್ಚು ಮಾಡಿದರೆ ಈ ಖರ್ಚು ಏರುತ್ತದೆಯೇ? ಏರಿದರೆ ಅದು ಬದಲಾಗುವ ವೆಚ್ಚ, ಏರದಿದ್ದರೆ ಸ್ಥಿರ ವೆಚ್ಚ. ಇನ್ನೊಂದು ಪ್ಯಾಕೆಟ್ ಮಾಡಿ ಮಾರಲು ಹೆಚ್ಚುವರಿಯಾಗಿ ತಗಲುವ ಹಣವೇ ಸೀಮಾಂತ ವೆಚ್ಚ. ನಮ್ಮಂಥ ಸಣ್ಣ ಘಟಕಗಳಲ್ಲಿ ಯಂತ್ರಕ್ಕೂ ಕೈಗಳಿಗೂ ಬಿಡುವು ಇರುವವರೆಗೆ ಪ್ರತಿ ಪ್ಯಾಕೆಟ್‌ನ ಬದಲಾಗುವ ವೆಚ್ಚವೇ ಸೀಮಾಂತ ವೆಚ್ಚ ಎಂದು ಹಿಡಿದರೆ ಸಾಕು.

ಉದಾಹರಣೆಯ ಘಟಕದಲ್ಲಿ ಒಂದು ಪ್ಯಾಕೆಟ್‌ಗೆ ಬೆಲ್ಲ ₹50 (ಒಣಗುವಾಗ ಇಳಿಯುವ ತೂಕವೂ ಸೇರಿ), ಒಣಗಿಸಲು ಮತ್ತು ಜರಡಿಗೆ ವಿದ್ಯುತ್ ₹3, ಪೌಚ್ ಮತ್ತು ಲೇಬಲ್ ₹7, ಪ್ಯಾಕೆಟ್ ಲೆಕ್ಕದ ಕೂಲಿ ₹4, ಸಾಗಣೆ ₹6, ಒಟ್ಟು ₹70. ಬಾಡಿಗೆ, ಯಂತ್ರದ ಸಾಲದ ಕಂತು, ತಿಂಗಳ ಸಂಬಳದ ಒಬ್ಬ ಕೆಲಸಗಾರ, ಪರವಾನಗಿ ಇತ್ಯಾದಿ ಸೇರಿ ತಿಂಗಳಿಗೆ ₹24,000 ಸ್ಥಿರ ವೆಚ್ಚ.

ಇಲ್ಲಿ ಎರಡು ಕಡೆ ಎಡವುವುದು ಸಾಮಾನ್ಯ. ಮೊದಲನೆಯದು ವಿದ್ಯುತ್ ಬಿಲ್. ಸೆಸ್ಕ್ ಬಿಲ್ಲಿನಲ್ಲಿ ಮಂಜೂರಾದ ಲೋಡ್‌ಗೆ ಕಟ್ಟುವ ನಿಗದಿತ ಶುಲ್ಕ ಒಂದು, ಬಳಸಿದ ಯೂನಿಟ್‌ಗೆ ಕಟ್ಟುವ ಶುಲ್ಕ ಇನ್ನೊಂದು. ಮೊದಲನೆಯದು ಸ್ಥಿರ ಪಟ್ಟಿಗೆ, ಎರಡನೆಯದು ಮಾತ್ರ ಪ್ಯಾಕೆಟ್ ಪಟ್ಟಿಗೆ ಹೋಗಬೇಕು. ಇಡೀ ಬಿಲ್ಲನ್ನು ಪ್ಯಾಕೆಟ್‌ಗಳ ಮೇಲೆ ಹಂಚಿದರೆ ಸೀಮಾಂತ ವೆಚ್ಚ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಎರಡನೆಯದು ಬೆಲ್ಲದ ಬೆಲೆ, ಮತ್ತು ಇದು ದೊಡ್ಡ ತಪ್ಪು. ಎರಡು ತಿಂಗಳ ಹಿಂದೆ ಕೆಜಿಗೆ ₹42ರಂತೆ ಕೊಂಡು ದಾಸ್ತಾನು ಇಟ್ಟ ಬೆಲ್ಲವನ್ನು ಅನೇಕರು ₹42 ಎಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಇಂದು ಅದನ್ನು ಪ್ಯಾಕೆಟ್ ಮಾಡದೆ ಹಾಗೆಯೇ ಮಾರಿದರೆ ₹50 ಸಿಗುವುದಾದರೆ, ಅಥವಾ ಬಳಸಿದ ಮೂಟೆಯ ಜಾಗಕ್ಕೆ ₹50 ಕೊಟ್ಟೇ ಹೊಸದನ್ನು ತರಬೇಕಾದರೆ, ಆ ಪ್ಯಾಕೆಟ್‌ಗಾಗಿ ನೀವು ಬಿಟ್ಟುಕೊಡುತ್ತಿರುವುದು ₹50. ಸ್ವಂತ ಆಲೆಮನೆ ಇರುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಿಮಗೆ ಬೆಲ್ಲ ತಯಾರಾಗಲು ₹38 ಬಿದ್ದಿರಬಹುದು. ಮಂಡ್ಯದ ಎಪಿಎಂಸಿಯಲ್ಲಿ ಇಂದು ಅದಕ್ಕೆ ಸಿಗುವ ದರವೇ ನಿಮ್ಮ ಪ್ಯಾಕೆಟ್‌ನ ಬೆಲ್ಲದ ವೆಚ್ಚ. ₹38 ಎಂದು ಹಿಡಿದು ಪ್ಯಾಕೆಟ್‌ನಲ್ಲಿ ಭಾರೀ ಲಾಭ ಎಂದು ಸಂತೋಷಪಡುವವರು ಆಲೆಮನೆಯ ಲಾಭವನ್ನೇ ಪ್ಯಾಕೆಟ್‌ನ ಲಾಭವೆಂದು ಎರಡನೆಯ ಸಲ ಎಣಿಸುತ್ತಿರುತ್ತಾರೆ.

ಹಂತ 2: ಈಗಿನ ಬೆಲೆಯೊಳಗೆ ಅಡಗಿರುವ ಊಹೆಯನ್ನು ಹೊರತೆಗೆಯಿರಿ

ಘಟಕದ ಈಗಿನ ಪದ್ಧತಿ ಹೀಗಿದೆ. ₹24,000ವನ್ನು 1,200 ಪ್ಯಾಕೆಟ್‌ಗೆ ಹಂಚಿದರೆ ಒಂದಕ್ಕೆ ₹20. ಬದಲಾಗುವ ₹70 ಸೇರಿಸಿದರೆ ಅಸಲು ₹90. ಅದರ ಮೇಲೆ ಮೂರನೇ ಒಂದು ಭಾಗ, ಅಂದರೆ ₹30 ಸೇರಿಸಿ ಬೆಲೆ ₹120. ಪ್ಯಾಕೆಟ್‌ಗೆ ₹50 ಮಿಕ್ಕಿ, ತಿಂಗಳಿಗೆ ₹60,000 ಕೈಸೇರಿ, ಸ್ಥಿರ ವೆಚ್ಚ ಕಳೆದ ಮೇಲೆ ₹36,000 ಉಳಿಯುತ್ತದೆ.

ಈ ಮೂರನೇ ಒಂದು ಭಾಗ ಎಲ್ಲಿಂದ ಬಂತು ಎಂದು ಕೇಳಿದರೆ, ಸಾಮಾನ್ಯವಾಗಿ ಸಿಗುವ ಉತ್ತರ ಮೊದಲಿನಿಂದಲೂ ಹಾಗೆಯೇ ಎಂಬುದು. ಇದೇನೂ ನಮ್ಮೂರಿನ ವಿಶೇಷವಲ್ಲ. 1939ರಲ್ಲಿ ಆಕ್ಸ್‌ಫರ್ಡ್‌ನ ಹಾಲ್ ಮತ್ತು ಹಿಚ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 38 ಉದ್ಯಮಿಗಳನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಹೆಚ್ಚಿನವರು ಪೂರ್ಣ ಅಸಲಿನ ಮೇಲೆ ಲಾಭ ಸೇರಿಸಿ ಬೆಲೆ ಇಡುವವರೇ ಆಗಿದ್ದರು. ಸೀಮಾಂತ ಲೆಕ್ಕವನ್ನು ಯಾರೂ ಮಾಡುವುದಿಲ್ಲವಾದರೆ ಆ ಸಿದ್ಧಾಂತದಿಂದ ಏನು ಪ್ರಯೋಜನ ಎಂಬ ದೊಡ್ಡ ವಾದವೇ ಆ ಬಳಿಕ ನಡೆಯಿತು. ನನ್ನ ದೃಷ್ಟಿಯಲ್ಲಿ ಆ ವಾದದಲ್ಲಿ ನಮಗೆ ಉಪಯೋಗಕ್ಕೆ ಬರುವುದು ಒಂದೇ ಅಂಶ: ಕಾಗದದ ಮೇಲೆ ಸೀಮಾಂತ ಲೆಕ್ಕ ಮಾಡದವನೂ, ವರ್ಷಗಟ್ಟಲೆ ಬೆಲೆ ಏರಿಸಿ ಇಳಿಸಿ ಗ್ರಾಹಕರ ಮುಖ ನೋಡಿ ಕಲಿತ ಶೇಕಡಾವಾರಿನ ಮೂಲಕ ಅದೇ ಉತ್ತರದ ಹತ್ತಿರ ಬಂದು ನಿಂತಿರಬಹುದು. ಬಂದು ನಿಂತಿದ್ದಾನೆಯೇ ಎಂದು ಪರೀಕ್ಷಿಸಲು ಒಂದು ಸರಳ ಭಾಗಾಕಾರ ಸಾಕು.

ಬೆಲೆ ಶೇಕಡಾ 1ರಷ್ಟು ಏರಿದರೆ ಮಾರಾಟ ಶೇಕಡಾ ಎಷ್ಟು ಇಳಿಯುತ್ತದೆ ಎಂಬ ಅಂಕಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಶೇಕಡಾ 3ರಷ್ಟು ಇಳಿದರೆ ಅದು 3. ಗ್ರಾಹಕರು ಬೆಲೆಗೆ ಎಷ್ಟು ಬೇಗ ಮುಖ ತಿರುಗಿಸುತ್ತಾರೆ ಎಂಬುದರ ಅಳತೆ ಅದು. ನಿಮ್ಮ ಬೆಲೆಯನ್ನು, ಬೆಲೆ ಮತ್ತು ಸೀಮಾಂತ ವೆಚ್ಚಗಳ ವ್ಯತ್ಯಾಸದಿಂದ ಭಾಗಿಸಿ. ಇಲ್ಲಿ 120 ÷ (120 − 70), ಅಂದರೆ 2.4. ತಿಳಿದೋ ತಿಳಿಯದೆಯೋ ಈ ಘಟಕವು ತನ್ನ ಗ್ರಾಹಕರ ಸ್ಥಿತಿಸ್ಥಾಪಕತ್ವ 2.4 ಎಂದು ಪಣ ಕಟ್ಟಿದೆ. ಆ ಅಂಕಿ ನಿಜಕ್ಕೆ ಹತ್ತಿರವಿದ್ದರೆ ಅಸಲಿನ ಮೇಲೆ ಇಷ್ಟು ಎಂಬ ಲೆಕ್ಕವೂ ಅರ್ಥಶಾಸ್ತ್ರದ ಪುಸ್ತಕದ ಲೆಕ್ಕವೂ ಒಂದೇ ಆಗುತ್ತವೆ. ನಿಜವಾದ ಅಂಕಿ 4 ಆಗಿದ್ದರೆ ಬೆಲೆ ತೀರ ಹೆಚ್ಚಾಯಿತು, 1.8 ಆಗಿದ್ದರೆ ಕೈಗೆ ಬರಬೇಕಾದ ಹಣವನ್ನು ಬಿಟ್ಟುಕೊಡುತ್ತಿದ್ದೀರಿ.

ಇಲ್ಲಿ ಮಾತಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಅಂಗಡಿಯವರು ಶೇಕಡಾ 20 ಮಾರ್ಜಿನ್ ಎಂದಾಗ ಸಾಮಾನ್ಯವಾಗಿ ಅದು ಮಾರುವ ಬೆಲೆಯ ಮೇಲಿನ ಶೇಕಡಾ. ತಯಾರಕರು ಅಸಲಿನ ಮೇಲೆ ಶೇಕಡಾ 20 ಎಂದಾಗ ಅದು ವೆಚ್ಚದ ಮೇಲಿನದು. ₹100ಕ್ಕೆ ಮಾರುವ ವಸ್ತುವಿನಲ್ಲಿ ₹20 ಮಾರ್ಜಿನ್ ಎಂದರೆ ₹80 ಅಸಲಿನ ಮೇಲೆ ಶೇಕಡಾ 25. ಈ ಲೇಖನದಲ್ಲಿ ಲಾಭದ ಶೇಕಡಾ ಎಂದಲ್ಲೆಲ್ಲ, ಬೇರೆ ಹೇಳದಿದ್ದರೆ, ವೆಚ್ಚದ ಮೇಲಿನದು ಎಂದೇ ತಿಳಿಯಿರಿ.

ಹಂತ 3: ಬೆಲೆಯನ್ನು ಅಲುಗಾಡಿಸಿ ಅಳೆಯಿರಿ

ಬೆಲೆಯನ್ನು ಶೇಕಡಾ 8ರಿಂದ 10ರಷ್ಟು ಬದಲಿಸಿ. ಅದಕ್ಕಿಂತ ಕಡಿಮೆ ಬದಲಾವಣೆಯ ಪರಿಣಾಮವು ವಾರದಿಂದ ವಾರಕ್ಕೆ ಹೇಗೂ ಆಗುವ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಪರೀಕ್ಷೆಯ ಅವಧಿ ಕನಿಷ್ಠ ನಾಲ್ಕು ಪೂರ್ಣ ವಾರ ಇರಲಿ, ಏಕೆಂದರೆ ಸಂಬಳದ ಮೊದಲ ವಾರಕ್ಕೂ ತಿಂಗಳ ಕೊನೆಯ ವಾರಕ್ಕೂ ಮಾರಾಟ ಬೇರೆಯೇ ಇರುತ್ತದೆ. ಗೌರಿ ಗಣೇಶ, ದಸರಾ, ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಪರೀಕ್ಷೆ ಬೇಡ.

ಎರಡು ಜಾಗಗಳಲ್ಲಿ ಮಾರುವವರಿಗೆ ಒಂದು ಅನುಕೂಲವಿದೆ. ಒಂದು ಕಡೆ ಬೆಲೆ ಬದಲಿಸಿ, ಇನ್ನೊಂದು ಕಡೆ ಹಾಗೆಯೇ ಬಿಡಿ. ಬೆಲೆ ಬದಲಿಸದ ಕಡೆಯೂ ಮಾರಾಟ ಶೇಕಡಾ 5 ಏರಿದ್ದರೆ ಆ ಏರಿಕೆಗೆ ಬೆಲೆ ಕಾರಣವಲ್ಲ. ಬದಲಿಸಿದ ಕಡೆಯ ಏರಿಕೆಯಿಂದ ಅಷ್ಟನ್ನು ಕಳೆಯಿರಿ. ಮುಂದಿನ ತಿಂಗಳು ಜಾಗಗಳನ್ನು ಅದಲುಬದಲು ಮಾಡಿದರೆ ಎರಡೂ ಕಡೆಯ ಅಂಕಿ ಸಿಗುತ್ತದೆ.

ಬೆಲ್ಲದ ಪುಡಿಯಂಥ ಕೆಡದ ವಸ್ತುವಿನಲ್ಲಿ ಇನ್ನೊಂದು ಬಲೆ ಇದೆ. ಬೆಲೆ ಇಳಿಸಿದ ಮೊದಲ ವಾರ ಹಳೆಯ ಗ್ರಾಹಕರೇ ಎರಡೆರಡು ಪ್ಯಾಕೆಟ್ ಒಯ್ದು ಮನೆಯಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಅದನ್ನು ಹೊಸ ಬೇಡಿಕೆ ಎಂದು ಎಣಿಸಿದರೆ ಸ್ಥಿತಿಸ್ಥಾಪಕತ್ವ ಉಬ್ಬಿ ಕಾಣುತ್ತದೆ. ಮೊದಲ ವಾರ ಜಿಗಿದು ಮೂರನೆಯ ವಾರ ಮೊದಲಿಗಿಂತಲೂ ಕೆಳಗಿಳಿದರೆ ಆದದ್ದು ಇದೇ ಎಂದು ಗುರುತಿಸಬಹುದು. ಹಾಗಾದಾಗ ಪರೀಕ್ಷೆಯನ್ನು ಇನ್ನೂ ನಾಲ್ಕು ವಾರ ಮುಂದುವರಿಸಿ, ಕೊನೆಯ ನಾಲ್ಕು ವಾರಗಳ ಅಂಕಿಯನ್ನು ಮಾತ್ರ ಬಳಸಿ.

ಉದಾಹರಣೆಯ ಘಟಕವು ₹120ರಿಂದ ₹110ಕ್ಕೆ ಇಳಿಸಿ ನೋಡಿದಾಗ, ಎಲ್ಲ ಹೊಂದಾಣಿಕೆಗಳ ಬಳಿಕ, ಮಾರಾಟ 1,200ರಿಂದ 1,500ಕ್ಕೆ ಏರಿತು ಎಂದಿಟ್ಟುಕೊಳ್ಳಿ.

ಹಂತ 4: ಹೆಚ್ಚುವರಿ ಆದಾಯವನ್ನು ಹೆಚ್ಚುವರಿ ವೆಚ್ಚದ ಪಕ್ಕ ಇಡಿ

ಇದೇ ಈ ಲೇಖನದ ತಿರುಳು, ನಿಧಾನವಾಗಿ ಓದಿ.

ಬೆಲೆ ಇಳಿಸಿದಾಗ 300 ಪ್ಯಾಕೆಟ್ ಹೆಚ್ಚು ಹೋದವು, ಒಂದಕ್ಕೆ ₹110ರಂತೆ ₹33,000 ಬಂತು. ಆದರೆ ಮೊದಲಿನಿಂದ ₹120 ಕೊಡುತ್ತಿದ್ದ 1,200 ಪ್ಯಾಕೆಟ್‌ಗಳ ಮೇಲೆಯೂ ಈಗ ₹10 ಕಡಿಮೆ ಬರುತ್ತದೆ, ಆ ನಷ್ಟ ₹12,000. ನಿಜವಾಗಿ ಹೆಚ್ಚಾದದ್ದು ₹21,000. ಪ್ರತಿ ಹೆಚ್ಚುವರಿ ಪ್ಯಾಕೆಟ್‌ಗೆ ₹70. ಇದನ್ನೇ ಸೀಮಾಂತ ಆದಾಯ ಎನ್ನುವುದು. ಅದು ಮಾರುವ ಬೆಲೆಯಲ್ಲ. ಬೆಲೆಯಿಂದ, ಹಳೆಯ ಗ್ರಾಹಕರಿಗೂ ಬಿಟ್ಟುಕೊಡಬೇಕಾದ ಹಣವನ್ನು ಕಳೆದು ಉಳಿಯುವ ಮೊತ್ತ. ಇಳಿಸಿದ ಬೆಲೆ ₹110 ಇದೆ, ಬದಲಾಗುವ ವೆಚ್ಚ ₹70 ಇದೆ, ಹೆಚ್ಚುವರಿ ಪ್ಯಾಕೆಟ್‌ಗೆ ₹40 ಲಾಭ ಎಂದು ಎಣಿಸುವವರು ಮರೆಯುವುದು ಈ ಹಳೆಯ ಗ್ರಾಹಕರನ್ನೇ.

ಸೀಮಾಂತ ವೆಚ್ಚವೂ ₹70, ಸೀಮಾಂತ ಆದಾಯವೂ ₹70. ಹಾಗಾದರೆ ₹110 ಸರಿಯಾದ ಬೆಲೆಯೇ? ಅಲ್ಲ. ಆ ₹70 ಇಡೀ ಜಿಗಿತದ ಸರಾಸರಿ. ಜಿಗಿತವನ್ನು ಎರಡಾಗಿ ಒಡೆದು, ₹115ರಲ್ಲಿ ಮಾರಾಟ ನಡುವಿನ 1,350 ಎಂದು ಹಿಡಿಯಿರಿ. ₹120ರಿಂದ ₹115ಕ್ಕೆ ಇಳಿದಾಗ ಒಟ್ಟು ಆದಾಯ ₹1,44,000ದಿಂದ ₹1,55,250ಕ್ಕೆ ಏರುತ್ತದೆ; ಹೆಚ್ಚುವರಿ 150 ಪ್ಯಾಕೆಟ್‌ಗೆ ತಲಾ ₹75. ವೆಚ್ಚ ₹70 ಆದ್ದರಿಂದ ಈ ಹೆಜ್ಜೆ ಲಾಭದ್ದು. ₹115ರಿಂದ ₹110ಕ್ಕೆ ಇಳಿದಾಗ ಆದಾಯ ₹1,65,000 ಆಗುತ್ತದೆ. ಈ 150ಕ್ಕೆ ತಲಾ ₹65 ಮಾತ್ರ. ₹70 ಖರ್ಚು ಮಾಡಿ ₹65 ತಂದಂತಾಯಿತು. ನಿಲ್ಲಬೇಕಾದ ಜಾಗ ₹115.

ಇದೇ ಉತ್ತರಕ್ಕೆ ಇನ್ನೊಂದು ದಾರಿಯಿಂದಲೂ ಬರಬಹುದು. ಮಾರಾಟದ ಬದಲಾವಣೆ 300, ಅದರ ನಡುವಿನ ಪ್ರಮಾಣ 1,350. ಭಾಗಿಸಿದರೆ ಶೇಕಡಾ 22.2. ಬೆಲೆಯ ಬದಲಾವಣೆ ₹10, ನಡುವಿನ ಬೆಲೆ ₹115. ಭಾಗಿಸಿದರೆ ಶೇಕಡಾ 8.7. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸ್ಥಿತಿಸ್ಥಾಪಕತ್ವ ಸುಮಾರು 2.56. ಬಳಿಕ ಈ ಸೂತ್ರ:

```
ಬೆಲೆ = ಸೀಮಾಂತ ವೆಚ್ಚ × ಸ್ಥಿತಿಸ್ಥಾಪಕತ್ವ ÷ (ಸ್ಥಿತಿಸ್ಥಾಪಕತ್ವ − 1)
     = 70 × 2.56 ÷ 1.56
     = 115 (ಸುಮಾರು)
```

ಸೂತ್ರವನ್ನು ಸ್ವಲ್ಪ ಹೊತ್ತು ನೋಡಿದರೆ ಓದುಗರ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಇದು ವೆಚ್ಚವನ್ನು ಒಂದು ನಿಗದಿತ ಅಂಕಿಯಿಂದ ಗುಣಿಸಿ ಬೆಲೆ ಇಡುವ ನಿಯಮ, ಅಂದರೆ ಅಸಲಿನ ಮೇಲೆ ಶೇಕಡಾ ಇಷ್ಟು ಎಂಬ ನಿಯಮವೇ. ಸ್ಥಿತಿಸ್ಥಾಪಕತ್ವ 2 ಆದರೆ ವೆಚ್ಚದ ಎರಡರಷ್ಟು. 3 ಆದರೆ ಒಂದೂವರೆಯಷ್ಟು. 5 ಆದರೆ ವೆಚ್ಚದ ಮೇಲೆ ಕಾಲು ಭಾಗ. ಎಲ್ಲ ಅಂಗಡಿಗಳಲ್ಲಿಯೂ ಸಿಗುವ ಅಕ್ಕಿ, ಸಕ್ಕರೆಯ ಮೇಲೆ ವ್ಯಾಪಾರಿಯು ಸ್ವಲ್ಪವೇ ಲಾಭ ಇಟ್ಟು, ಬೇರೆ ಕಡೆ ಸಿಗದ ಉಪ್ಪಿನಕಾಯಿಯ ಮೇಲೆ ಹೆಚ್ಚು ಇಡುವುದು ಈ ಸೂತ್ರವನ್ನು ಓದಿ ಅಲ್ಲ. ಆದರೂ ಆತ ಮಾಡುವುದು ಅದನ್ನೇ.

ಅಂದರೆ ಎರಡು ಪದ್ಧತಿಗಳು ಕರಾರುವಾಕ್ಕಾಗಿ ಒಂದೇ ಆಗಲು ಮೂರು ಸಂಗತಿಗಳು ಕೂಡಿಬರಬೇಕು. ಶೇಕಡಾವಾರನ್ನು ಸೇರಿಸುವುದು ಬದಲಾಗುವ ವೆಚ್ಚದ ಮೇಲೆ ಆಗಿರಬೇಕು, ಪ್ರಮಾಣ ಹೆಚ್ಚಿದರೂ ಪ್ರತಿ ಪ್ಯಾಕೆಟ್‌ನ ಆ ವೆಚ್ಚ ಬದಲಾಗದಿರಬೇಕು, ಮತ್ತು ಬೆಲೆ ಏರಿದರೂ ಇಳಿದರೂ ಸ್ಥಿತಿಸ್ಥಾಪಕತ್ವ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಪೂರ್ಣ ಅಸಲಿನ ಮೇಲೆ ಸೇರಿಸುವವರಿಗೂ, ಮಾರಾಟದ ಪ್ರಮಾಣ ತಿಂಗಳಿಂದ ತಿಂಗಳಿಗೆ ಬದಲಾಗದಿರುವವರೆಗೆ, ಇದೇ ಉತ್ತರ ಬರುತ್ತದೆ; ಏಕೆಂದರೆ ಆಗ ₹90 ಎಂಬುದು ₹70ರ ಇನ್ನೊಂದು ರೂಪ ಮಾತ್ರ.

ನಮ್ಮ ಘಟಕದ ₹120 ತಪ್ಪೆಂದು ಕೊರಗಬೇಕಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ₹120ರಲ್ಲಿ ಸ್ಥಿರ ವೆಚ್ಚ ಕಳೆಯುವ ಮೊದಲು ₹60,000 ಮಿಗುತ್ತಿತ್ತು, ₹115ರಲ್ಲಿ ₹60,750. ವ್ಯತ್ಯಾಸ ತಿಂಗಳಿಗೆ ₹750. ಲಾಭದ ಗುಡ್ಡದ ನೆತ್ತಿ ಚಪ್ಪಟೆಯಾಗಿರುತ್ತದೆ. ನೆತ್ತಿಯ ಹತ್ತಿರ ಎಲ್ಲಿ ನಿಂತರೂ ಎತ್ತರ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಹಂತ 2ರಲ್ಲಿ ಸಿಕ್ಕ ಅಂಕಿ 2.4, ಅಳೆದ ಅಂಕಿ 2.56 ಆಗಿದ್ದರೆ ಸಾಧಾರಣ ತಿಂಗಳಿಗೆ ಹಳೆಯ ನಿಯಮವನ್ನೇ ಇಟ್ಟುಕೊಳ್ಳಬಹುದು.

ಅಳೆದ ಸ್ಥಿತಿಸ್ಥಾಪಕತ್ವ 1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸೂತ್ರ ಕೆಲಸ ಮಾಡುವುದಿಲ್ಲ. ಆಗ ಬೆಲೆ ಏರಿಸಿದರೆ ಆದಾಯ ಇಳಿಯುವುದಿಲ್ಲ, ಖರ್ಚು ಮಾತ್ರ ಇಳಿಯುತ್ತದೆ. ಬೆಲೆ ಏರಿಸಿ ಮತ್ತೆ ಅಳೆಯಿರಿ.

ಹಂತ 5: ಮಾರಾಟ ಕುಸಿದ ತಿಂಗಳಲ್ಲಿ ಹಳೆಯ ನಿಯಮವನ್ನು ನಂಬಬೇಡಿ

ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳಿಲ್ಲದೆ, ಅದೇ ₹120ಕ್ಕೆ 1,200ರ ಬದಲು 800 ಪ್ಯಾಕೆಟ್ ಮಾತ್ರ ಹೋಗುತ್ತವೆ ಎಂದಿಟ್ಟುಕೊಳ್ಳಿ. ಗ್ರಾಹಕರ ಸಂಖ್ಯೆ ಮೂರನೇ ಒಂದರಷ್ಟು ಇಳಿದಿದೆ. ಉಳಿದವರ ಸ್ವಭಾವ ಬದಲಾಗಿಲ್ಲ. ಹಂತ 3ರ ಪರೀಕ್ಷೆಯಲ್ಲಿ ಬೆಲೆಯ ಪ್ರತಿ ರೂಪಾಯಿಗೆ 30 ಪ್ಯಾಕೆಟ್ ಬದಲಾಗಿದ್ದರೆ, ಈಗ ಅದರ ಮೂರನೇ ಎರಡರಷ್ಟು, ಅಂದರೆ 20 ಬದಲಾಗುತ್ತವೆ.

ಪೂರ್ಣ ಅಸಲಿನ ನಿಯಮ ಏನು ಹೇಳುತ್ತದೆ ನೋಡಿ. ₹24,000ವನ್ನು 800ಕ್ಕೆ ಹಂಚಿದರೆ ₹30, ಅಸಲು ₹100, ಮೂರನೇ ಒಂದು ಭಾಗ ಸೇರಿಸಿದರೆ ₹133. ಕೊಳ್ಳುವವರು ಕಡಿಮೆಯಾದ ತಿಂಗಳಲ್ಲಿಯೇ ಬೆಲೆ ಏರಿತು. ₹133ಕ್ಕೆ ಸುಮಾರು 530 ಪ್ಯಾಕೆಟ್ ಮಾತ್ರ ಹೋಗುತ್ತವೆ. ಮುಂದಿನ ತಿಂಗಳೂ ಹೀಗೆಯೇ ಇದ್ದು ಅದೇ ನಿಯಮ ಅನ್ವಯಿಸಿದರೆ, ಪ್ಯಾಕೆಟ್‌ಗೆ ಸ್ಥಿರ ವೆಚ್ಚ ₹45, ಅಸಲು ₹115, ಬೆಲೆ ₹153. ಮಾರಾಟ 130ರ ಆಸುಪಾಸು. ಅಲ್ಲಿಗೆ ಮಿಗುವ ಹಣ ಸುಮಾರು ₹11,000, ಬಾಡಿಗೆ ಮತ್ತು ಸಂಬಳಕ್ಕೂ ಸಾಲದು. ಅಸಲು ಗಿಟ್ಟಲಿಲ್ಲ ಎಂದು ಮುಚ್ಚಿದ ಕೆಲವು ಘಟಕಗಳ ಪುಸ್ತಕ ನೋಡಿದಾಗ ನನಗೆ ಕಂಡದ್ದು ಈ ಏಣಿಯನ್ನೇ: ಪ್ರತಿ ಮೆಟ್ಟಿಲಿನಲ್ಲಿಯೂ ಲೆಕ್ಕ ಸರಿಯಾಗಿಯೇ ಇತ್ತು.

ಸೀಮಾಂತ ಲೆಕ್ಕಕ್ಕೆ ಇಲ್ಲಿ ಗೊಂದಲವೇ ಇಲ್ಲ. ಇನ್ನೊಂದು ಪ್ಯಾಕೆಟ್‌ನ ವೆಚ್ಚ ಆಗಲೂ ₹70, ಈಗಲೂ ₹70, ಸ್ಥಿತಿಸ್ಥಾಪಕತ್ವವೂ ಅಷ್ಟೇ, ಹಾಗಾಗಿ ಬೆಲೆಯೂ ₹115. ಆ ಬೆಲೆಗೆ 900 ಪ್ಯಾಕೆಟ್ ಹೋಗಿ ₹40,500 ಮಿಗುತ್ತದೆ. ₹133ರಲ್ಲಿ ಮಿಗುತ್ತಿದ್ದುದು ₹34,000ಕ್ಕೂ ಕಡಿಮೆ.

ಬಾಡಿಗೆಯನ್ನು ಬೆಲೆಗೆ ಸೇರಿಸದಿದ್ದರೆ ಬಾಡಿಗೆ ಕಟ್ಟುವುದು ಯಾರು ಎಂಬ ಆಕ್ಷೇಪ ಇಲ್ಲಿ ಖಂಡಿತ ಬರುತ್ತದೆ, ಮತ್ತು ಅದು ನ್ಯಾಯವಾದದ್ದೇ. ಬಾಡಿಗೆ ಕಟ್ಟುವುದು ಆ ₹40,500. ಬೆಲೆ ಎಷ್ಟಿಟ್ಟರೂ ಬಾಡಿಗೆ ಸೇರಿದ ಸ್ಥಿರ ವೆಚ್ಚದ ₹24,000ದಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲವಾದ್ದರಿಂದ, ಅದನ್ನು ಕಟ್ಟಲು ಅತಿ ಹೆಚ್ಚು ಹಣ ಮಿಗಿಸುವ ಬೆಲೆಯೇ ಒಳ್ಳೆಯ ಬೆಲೆ. ಸ್ಥಿರ ವೆಚ್ಚವು ಉತ್ತರಿಸುವ ಪ್ರಶ್ನೆ ಬೇರೆ: ಒಳ್ಳೆಯ ಬೆಲೆಯಲ್ಲಿಯೂ ವರ್ಷದ ಒಟ್ಟು ಮಿಗತೆಯು ವರ್ಷದ ಸ್ಥಿರ ವೆಚ್ಚವನ್ನೂ ನಿಮ್ಮ ದುಡಿಮೆಯ ಕೂಲಿಯನ್ನೂ ತುಂಬದಿದ್ದರೆ ಈ ವ್ಯಾಪಾರ ಮುಂದುವರಿಸಬೇಕೇ ಎಂಬ ಪ್ರಶ್ನೆ.

ಪೂರ್ಣ ಅಸಲಿನ ಪದ್ಧತಿಯನ್ನು ಬಿಡಲು ಮನಸ್ಸಿಲ್ಲದವರು ಒಂದು ತಿದ್ದುಪಡಿ ಮಾಡಿಕೊಳ್ಳಬಹುದು. ಸ್ಥಿರ ವೆಚ್ಚವನ್ನು ಆಯಾ ತಿಂಗಳ ಮಾರಾಟಕ್ಕೆ ಹಂಚದೆ, ವರ್ಷದ ಸರಾಸರಿ ಪ್ರಮಾಣಕ್ಕೆ ಹಂಚಿ ಆ ₹20ನ್ನು ವರ್ಷವಿಡೀ ಬದಲಿಸದೆ ಇಡಿ. ಇದೊಂದರಿಂದಲೇ ಮೇಲಿನ ಏಣಿ ತಪ್ಪುತ್ತದೆ.

ಹಂತ 6: ಕೈ ಸಾಲದ ತಿಂಗಳಲ್ಲಿಯೂ ನಂಬಬೇಡಿ

ಗೌರಿ ಗಣೇಶದ ತಿಂಗಳಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಪ್ರತಿ ಬೆಲೆಗೂ ಬೇಡಿಕೆ ಒಂದೂವರೆಯಷ್ಟು ಏರಿದೆ, ಆದರೆ ಒಣಗಿಸುವ ಯಂತ್ರದಿಂದ ತಿಂಗಳಿಗೆ 1,600 ಪ್ಯಾಕೆಟ್‌ಗಿಂತ ಹೆಚ್ಚು ಬರುವುದಿಲ್ಲ. ಪೂರ್ಣ ಅಸಲಿನ ನಿಯಮದಂತೆ ₹24,000ವನ್ನು 1,600ಕ್ಕೆ ಹಂಚಿದರೆ ₹15, ಅಸಲು ₹85, ಬೆಲೆ ₹113. ಆ ಬೆಲೆಗೆ 2,100 ಪ್ಯಾಕೆಟ್ ಕೇಳುವವರಿದ್ದಾರೆ. 500 ಜನರನ್ನು ಬರಿಗೈಯಲ್ಲಿ ಕಳಿಸಬೇಕು. ಯಂತ್ರ ತುಂಬಿದ ಮೇಲೆ ಇನ್ನೊಂದು ಪ್ಯಾಕೆಟ್‌ನ ವೆಚ್ಚ ₹70 ಅಲ್ಲ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಹೀಗಿರುವಾಗ ಸರಿಯಾದ ಬೆಲೆ ಎಂದರೆ 1,600 ಪ್ಯಾಕೆಟ್ ಮಾತ್ರ ಕೇಳಿಬರುವ ಬೆಲೆ, ಇಲ್ಲಿ ಸುಮಾರು ₹124. ಎರಡರ ನಡುವಿನ ವ್ಯತ್ಯಾಸ ಆ ಒಂದು ತಿಂಗಳಿಗೆ ₹17,000ಕ್ಕೂ ಹೆಚ್ಚು.

ಆದರೂ ನಾನು ಹಬ್ಬದ ತಿಂಗಳಲ್ಲಿ ಪೂರ್ತಿ ₹124ಕ್ಕೆ ಹೋಗಿ ಎಂದು ಹೇಳಲಾರೆ. ವರ್ಷವಿಡೀ ಬರುವ ಗ್ರಾಹಕರು ಹಬ್ಬಕ್ಕೆ ಬೆಲೆ ಏರಿಸಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ, ಮತ್ತು ಅವರು ಮುಂದೆ ಬಾರದೆ ಆಗುವ ನಷ್ಟ ಒಂದು ತಿಂಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಸಾಧಾರಣ ಬೆಲೆ ₹115ನ್ನೇ ಇಟ್ಟು, ಮುಂಗಡ ಹೇಳಿದ ಹಳೆಯ ಗ್ರಾಹಕರಿಗೆ ಮೊದಲು ಕೊಡುವುದು ಅನೇಕರಿಗೆ ಹೊಂದುತ್ತದೆ. ಬೆಲೆ ಇಳಿಸುವುದು ಮಾತ್ರ ಯಾರಿಗೂ ಹೊಂದುವುದಿಲ್ಲ.

ಹಂತ 7: ಬೆಲ್ಲದ ದರ ಏರಿದಾಗ ಎಷ್ಟನ್ನು ದಾಟಿಸಬೇಕು

ಬೆಲ್ಲ ಕೆಜಿಗೆ ₹9 ಏರಿ, ಸೀಮಾಂತ ವೆಚ್ಚ ₹79 ಆಯಿತು. ಹಳೆಯ ನಿಯಮದಂತೆ ಬೆಲೆ ₹12 ಏರಬೇಕು. ಸ್ಥಿತಿಸ್ಥಾಪಕತ್ವ 2.56ರಲ್ಲಿಯೇ ನಿಂತಿದ್ದರೆ ಸೂತ್ರದ ಪ್ರಕಾರ ಏರಿಕೆ ಸುಮಾರು ₹15. ಆದರೆ ಬೆಲೆ ಏರಿದಂತೆಲ್ಲ ಗ್ರಾಹಕರು ಇನ್ನಷ್ಟು ಬೇಗ ಮುಖ ತಿರುಗಿಸುವವರಾದರೆ, ಅಂದರೆ ಪ್ರತಿ ರೂಪಾಯಿ ಏರಿಕೆಗೆ ಒಂದೇ ಸಂಖ್ಯೆಯ ಪ್ಯಾಕೆಟ್‌ಗಳು ಕಡಿಮೆಯಾಗುತ್ತ ಹೋದರೆ, ಲಾಭದ ಬೆಲೆ ₹115ರಿಂದ ₹119.50ಕ್ಕೆ ಮಾತ್ರ ಏರುತ್ತದೆ. ಏರಿದ ವೆಚ್ಚದ ಅರ್ಧವನ್ನು ನೀವೇ ಹೊರಬೇಕು.

ಯಾವುದು ನಿಮಗೆ ಅನ್ವಯಿಸುತ್ತದೆ ಎಂದು ತಿಳಿಯಲು, ಈ ಏರಿಕೆ ಎಲ್ಲರಿಗೂ ಬಂದದ್ದೇ ಅಥವಾ ನಿಮಗೊಬ್ಬರಿಗೇ ಬಂದದ್ದೇ ಎಂದು ನೋಡಿ. ಮಾರುಕಟ್ಟೆಯಲ್ಲಿ ಬೆಲ್ಲದ ದರವೇ ಏರಿದ್ದರೆ ಪಕ್ಕದ ಪ್ಯಾಕೆಟ್‌ನ ಬೆಲೆಯೂ ಏರುತ್ತದೆ, ಗ್ರಾಹಕರಿಗೆ ಹೋಗಲು ಬೇರೆ ಜಾಗವಿಲ್ಲ. ಹಾಗಿದ್ದಾಗ ಹಳೆಯ ನಿಯಮದ ₹12 ತಪ್ಪಾಗುವುದಿಲ್ಲ. ನಿಮ್ಮ ಪೌಚ್ ಮಾರುವವರು ಮಾತ್ರ ದರ ಏರಿಸಿದ್ದರೆ, ಅಥವಾ ನಿಮ್ಮ ಸಾಗಣೆ ಮಾತ್ರ ದುಬಾರಿಯಾಗಿದ್ದರೆ, ಅರ್ಧದಷ್ಟನ್ನು ಮಾತ್ರ ದಾಟಿಸಿ, ಇಲ್ಲವೇ ಬೇರೆ ಪೌಚ್ ಹುಡುಕಿ.

ಬೆಲ್ಲವನ್ನು ಪ್ಯಾಕೆಟ್ ಮಾಡದೆ ಎಪಿಎಂಸಿಗೆ ಒಯ್ಯುವ ಆಲೆಮನೆಯವರಿಗೆ ಈ ಯಾವ ಹಂತವೂ ಬೇಕಾಗಿಲ್ಲ. ಅಲ್ಲಿ ದರ ಹರಾಜಿನಲ್ಲಿ ನಿಲ್ಲುತ್ತದೆ. ಒಬ್ಬರು ಎಷ್ಟು ಮೂಟೆ ತಂದರೂ ಅದು ಅಲುಗುವುದಿಲ್ಲವಾದ್ದರಿಂದ ಸೀಮಾಂತ ಆದಾಯವೂ ಆ ದರವೇ. ಅಸಲಿನ ಮೇಲೆ ಇಷ್ಟು ಎಂದು ಹೇಳಲು ಅಲ್ಲಿ ಅವಕಾಶವಿಲ್ಲ, ಆ ದರಕ್ಕೆ ಎಷ್ಟು ಅರೆಯಬೇಕು ಎಂಬುದಷ್ಟೇ ನಿಮ್ಮ ಕೈಯಲ್ಲಿರುತ್ತದೆ.

ಹಂತ 8: ಲೇಬಲ್ ಅಚ್ಚು ಹಾಕಿಸುವ ಮೊದಲು

ಪ್ಯಾಕೆಟ್ ಮಾಡಿದ ವಸ್ತುವಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ, ಅಚ್ಚಾಗಿರಬೇಕು ಎಂದು 2011ರ ಕಾನೂನುಮಾಪನ ನಿಯಮಗಳು ಹೇಳುತ್ತವೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ಲೇಬಲ್‌ಗಳನ್ನು ಸಾವಿರಗಟ್ಟಲೆ ಒಟ್ಟಿಗೆ ಅಚ್ಚು ಹಾಕಿಸುವವರು ₹115 ಎಂದು ಅಚ್ಚು ಹಾಕಿಸಿದರೆ, ಬೆಲ್ಲದ ದರ ಏರಿದ ದಿನ ಹಳೆಯ ಲೇಬಲ್‌ಗಳು ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗುತ್ತದೆ. ವರ್ಷದಲ್ಲಿ ನೀವು ತಲುಪಬಹುದಾದ ಮೇಲಿನ ಬೆಲೆಗೆ ತೆರಿಗೆ ಸೇರಿಸಿ ಅಚ್ಚು ಹಾಕಿಸಿ, ಉಳಿದ ತಿಂಗಳುಗಳಲ್ಲಿ ರಿಯಾಯಿತಿಯ ಬೆಲೆಯನ್ನು ಫಲಕದಲ್ಲಿ ಬರೆಯಿರಿ.

ಮುಂದೆ ಅಂಗಡಿಗಳ ಮೂಲಕ ಮಾರುವ ಯೋಚನೆ ಇದ್ದರೆ ಅವರ ಪಾಲನ್ನೂ ಈಗಲೇ ಲೆಕ್ಕಕ್ಕೆ ತನ್ನಿ. ಅಂಗಡಿಯವರು ಮಾರುವ ಬೆಲೆಯಲ್ಲಿ ಶೇಕಡಾ 20 ಇಟ್ಟುಕೊಂಡರೆ ನಿಮಗೆ ಬರುವುದು ಪ್ರತಿ ರೂಪಾಯಿಯಲ್ಲಿ 80 ಪೈಸೆ. ₹70ನ್ನು 0.8ರಿಂದ ಭಾಗಿಸಿದರೆ ₹87.50, ಅಂಗಡಿಯ ಬೆಲೆಯನ್ನು ಲೆಕ್ಕ ಹಾಕುವಾಗ ಸೂತ್ರದಲ್ಲಿ ₹70ರ ಜಾಗದಲ್ಲಿ ಇಡಬೇಕಾದದ್ದು ಆ ಅಂಕಿ. ಸ್ಥಿತಿಸ್ಥಾಪಕತ್ವವನ್ನು ಮಾತ್ರ ಅಲ್ಲಿ ಹೊಸದಾಗಿ ಅಳೆಯಿರಿ, ಏಕೆಂದರೆ ಅಂಗಡಿಯ ಕಪಾಟಿನಲ್ಲಿ ನಿಮ್ಮ ಪ್ಯಾಕೆಟ್‌ನ ಪಕ್ಕದಲ್ಲಿ ಬೇರೆ ನಾಲ್ಕು ಹೆಸರಿನ ಬೆಲ್ಲದ ಪುಡಿ ಕುಳಿತಿರುತ್ತದೆ, ಸಂತೆಯ ಮೇಜಿನ ಮೇಲೆ ಕುಳಿತಿರುವುದಿಲ್ಲ.